ಅರಿಶಿನ ಶಾಸ್ತ್ರದ ಮರುದಿನ ಮೇಕಪ್: ನನ್ನ ಅನುಭವ

ತುಮಕೂರಿನಲ್ಲಿ ಆರು ತಿಂಗಳ ಬ್ಯೂಟಿಷಿಯನ್ ಕೋರ್ಸ್ ಮುಗಿಸಿ, ಈಗ ತಿಪಟೂರು ಸುತ್ತಮುತ್ತ ಮನೆಗಳಿಗೇ ಹೋಗಿ ಕೆಲಸ ಮಾಡುತ್ತಿದ್ದೇನೆ. ಮದುವೆ ಹೆಣ್ಣಿನ ಆರ್ಡರ್ ಇದುವರೆಗೆ ಸಿಕ್ಕಿದ್ದು ನಾಲ್ಕೇ. ಅದರಲ್ಲಿ ಎರಡನೆಯದರ ಬಗ್ಗೆ ಬರೆಯುತ್ತೇನೆ, ಯಾಕಂದ್ರೆ ಆವತ್ತು ಕಲಿತದ್ದನ್ನು ಕ್ಲಾಸಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಹೂರ್ತ ಬೆಳಿಗ್ಗೆ 9:15ಕ್ಕೆ. ಮೂರು ವಾರ ಮುಂಚೆಯೇ ಟ್ರಯಲ್ ಮಾಡಿ, ಹುಡುಗಿಯ ದವಡೆಯಿಂದ ಕುತ್ತಿಗೆಗೆ ಫೌಂಡೇಶನ್ ಹಚ್ಚಿ, ಬಾಗಿಲ ಹತ್ತಿರ ಬೆಳಕಿನಲ್ಲಿ ನೋಡಿ ಶೇಡ್ ಬರೆದಿಟ್ಟುಕೊಂಡಿದ್ದೆ. ಎಲ್ಲಾ ಸರಿಯಾಗಿತ್ತು. ಒಂದೇ ಒಂದು ವಿಷಯ ಕೇಳಿರಲಿಲ್ಲ, ಅರಿಶಿನ ಶಾಸ್ತ್ರ ಯಾವಾಗ ಅಂತ.

ಅದು ಚಪ್ಪರದ ದಿನ ಸಂಜೆ ಇತ್ತು. ನಾನು ಮೆಹೆಂದಿ ಹಾಕಲು ರಾತ್ರಿ ಎಂಟಕ್ಕೆ ಹೋಗುವಷ್ಟರಲ್ಲಿ ಶಾಸ್ತ್ರ ಮುಗಿದು, ಹುಡುಗಿ ಬರೀ ನೀರಿನಲ್ಲಿ ಕೈ ತೊಳೆದು ಕೂತಿದ್ದಳು. ಅರಿಶಿನಕ್ಕೆ ಎಣ್ಣೆ ಕಲಸಿದ್ದರು. ಕೈ ಜಿಡ್ಡಿದ್ದರೆ ಮೆಹೆಂದಿ ಚರ್ಮಕ್ಕೆ ಸರಿಯಾಗಿ ಇಳಿಯುವುದಿಲ್ಲ, ಸೋಪು ಹಾಕಿ ತೊಳೆಯಮ್ಮ ಅನ್ನಬೇಕಿತ್ತು, ಆತುರದಲ್ಲಿ ಹಾಗೇ ಶುರು ಮಾಡಿಬಿಟ್ಟೆ. ಬೆಳಿಗ್ಗೆ ನೋಡಿದರೆ ಬೆರಳುಗಳ ಮೇಲೆ ಅಲ್ಲಲ್ಲಿ ತೇಪೆ, ಅಂಗೈಯಲ್ಲಿ ಬರೀ ಕಿತ್ತಳೆ ಬಣ್ಣ. ತೇಪೆ ಜಿಡ್ಡಿನಿಂದ, ಆದರೆ ಕಿತ್ತಳೆ ಬಣ್ಣಕ್ಕೆ ಕಾರಣ ಹೊತ್ತು ಸಾಲದೇ ಇದ್ದದ್ದು. ಮೆಹೆಂದಿ ಒಣಗಿ ಉದುರಿದ ಮೇಲೆ ಕಡು ಕೆಂಪಿಗೆ ತಿರುಗಲು ಒಂದೆರಡು ದಿನ ಬೇಕು. ಮದುವೆ ಮುಗಿದ ಮರುದಿನ ಅವಳೇ ಫೋಟೋ ಕಳಿಸಿದಳು, "ಅಕ್ಕ, ಈಗ ಎಷ್ಟು ಚೆನ್ನಾಗಿ ಬಂದಿದೆ ನೋಡಿ" ಅಂತ. ನನಗೆ ತುಂಬಾ ಬೇಜಾರಾಯ್ತು, ಆ ಬಣ್ಣ ಧಾರೆ ಹೊತ್ತಿಗೆ ಇರಬೇಕಿತ್ತು ಅಲ್ವಾ?

ಮೇಕಪ್ ಕಥೆ ಇನ್ನೂ ಕಷ್ಟದ್ದು. ಬೆಳಿಗ್ಗೆ ಐದೂವರೆಗೆ ಛತ್ರಕ್ಕೆ ಹೋದೆ. ಬರೆದಿಟ್ಟ ಶೇಡನ್ನೇ ಹಚ್ಚಿದೆ. ಮುಖ ಬೂದಿ ಬಳಿದ ಹಾಗೆ ಕಾಣಿಸಿತು. ಮೊದಲು ಫೌಂಡೇಶನ್ ಕೆಟ್ಟಿದೆ ಅಂದುಕೊಂಡೆ, ಆಮೇಲೆ ಕಿವಿ, ಕುತ್ತಿಗೆ, ಹಣೆಯ ಕೂದಲಂಚು ನೋಡಿದೆ, ಎಲ್ಲಾ ಅಚ್ಚ ಹಳದಿ. ಪಕ್ಕದಲ್ಲಿ ಅಷ್ಟು ಹಳದಿ ಇದ್ದರೆ ಅವಳ ಸ್ವಂತ ಮೈಬಣ್ಣದ ಶೇಡೇ ಬೂದಿಯಾಗಿ ಕಾಣುತ್ತದೆ.

ಪೂರ್ತಿ ಒರೆಸಿದೆ. ಅರಿಶಿನದ ಬಣ್ಣ ನೀರಿಗೆ ಸುಲಭವಾಗಿ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಅಡುಗೆಯವರಿಂದ ಸ್ವಲ್ಪ ಕೊಬ್ಬರಿ ಎಣ್ಣೆ ಕೇಳಿ ತಂದು, ಮುಖ ಕುತ್ತಿಗೆಗೆ ಎರಡು ನಿಮಿಷ ಮೆಲ್ಲಗೆ ತಿಕ್ಕಿ, ಒದ್ದೆ ಹತ್ತಿಯಲ್ಲಿ ಒರೆಸಿದೆ. ಹೀಗೆ ಮೂರು ಸಲ. ಮೂರನೇ ಸಲ ಹತ್ತಿಯಲ್ಲಿ ಹಳದಿ ತೀರಾ ಕಡಿಮೆಯಾಯಿತು. ಆಮೇಲೆ ಫೇಸ್‌ವಾಶ್ ಹಾಕಿಸಿ ತೊಳೆಸಿದೆ, ಇದನ್ನು ಬಿಟ್ಟರೆ ಉಳಿದ ಎಣ್ಣೆಯ ಮೇಲೆ ಬೇಸ್ ನಿಲ್ಲದೆ ಜಾರುತ್ತದೆ. ಟಿಶ್ಯೂ ಒತ್ತಿ ನೋಡಿದೆ, ಜಿಡ್ಡಿನ ಗುರುತು ಬೀಳಲಿಲ್ಲ. ಆದರೂ ಕಿವಿ ಹತ್ತಿರ ಹಳದಿ ಪೂರ್ತಿ ಹೋಗಿರಲಿಲ್ಲ, ಹಾಗಾಗಿ ಕಿಟ್‌ನಲ್ಲಿದ್ದ ಇನ್ನೊಂದು ಹಳದಿ ಛಾಯೆಯ ಫೌಂಡೇಶನ್ ಎರಡು ಹನಿ ಬೆರೆಸಿ, ಕಿವಿ ಕುತ್ತಿಗೆಗೂ ತೆಳ್ಳಗೆ ಹಚ್ಚಿದೆ. ಆಗ ಒಂದೇ ಬಣ್ಣಕ್ಕೆ ಬಂತು.

ಇಷ್ಟಕ್ಕೇ ಅರ್ಧ ಗಂಟೆ ಹೋಯಿತು. ಜಡೆ ಇನ್ನೂ ಬಾಕಿ. ಮಂಗಳ ಸ್ನಾನದಲ್ಲಿ ತಲೆಗೂ ಎಣ್ಣೆ ಒತ್ತಿ ಸ್ನಾನ ಮಾಡಿಸಿದ್ದರಿಂದ ಕೂದಲು ಒದ್ದೆ, ಜೊತೆಗೆ ಜಾರುತ್ತಿತ್ತು. ಟ್ರಯಲ್‌ನಲ್ಲಿ ಮಾಡಿದ್ದ ಮುಂದಿನ ಪಫ್ ನಿಲ್ಲಲೇ ಇಲ್ಲ. ಬಿಟ್ಟುಬಿಟ್ಟೆ. ಡ್ರೈಯರ್‌ನಲ್ಲಿ ಒಣಗಿಸಿ, ಚೌರಿ ಸೇರಿಸಿ ಬಿಗಿಯಾಗಿ ಹೆಣೆದು, ಮೊಗ್ಗಿನ ಜಡೆಯನ್ನು ಪಿನ್ನಿಗೆ ನಂಬಿಕೊಳ್ಳದೆ ಸೂಜಿ ದಾರದಲ್ಲಿ ಹೆಣಿಗೆಗೇ ಹೊಲಿದೆ. ಆಮೇಲೆ ಬಾಸಿಂಗ ಕಟ್ಟಿದಾಗ ಗೊತ್ತಾಯಿತು, ಪಫ್ ಇದ್ದಿದ್ದರೂ ಅದರ ದಾರ ಅಲ್ಲೇ ಬಂದು ಒತ್ತಿಬಿಡುತ್ತಿತ್ತು.

9 ಗಂಟೆಗೆ ಐದು ನಿಮಿಷ ಇದ್ದಾಗ ಸೀರೆಯ ಕೊನೇ ಪಿನ್ ಹಾಕಿದೆ. ಹೊರಗೆ ಅವಳ ಸೋದರತ್ತೆ ನಾಲ್ಕನೇ ಸಲ ಬಾಗಿಲು ತಟ್ಟುತ್ತಿದ್ದರು.

ಈಗ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಮನೆಯ ದೊಡ್ಡವರ ಜೊತೆ ಮಾತಾಡುತ್ತೇನೆ. ಅರಿಶಿನ ಯಾವತ್ತು, ತಲೆಗೆ ಎಣ್ಣೆ ಇಡ್ತೀರಾ, ಬಾಸಿಂಗ ಇದೆಯಾ, ಸ್ನಾನ ಎಷ್ಟು ಹೊತ್ತಿಗೆ ಅಂತ ಕೇಳಿ, ಮುಹೂರ್ತದಿಂದ ಹಿಂದಕ್ಕೆ ಗಂಟೆ ಲೆಕ್ಕ ಹಾಕುತ್ತೇನೆ. ಮೆಹೆಂದಿ ಮುಹೂರ್ತಕ್ಕೆ ಎರಡು ದಿನ ಮುಂಚೆ, ಅರಿಶಿನಕ್ಕಿಂತ ಮೊದಲು. ಮೂರನೇ ಆರ್ಡರ್‌ನಲ್ಲಿ ಅಜ್ಜಿಯೊಬ್ಬರಿಗೆ, ಶಾಸ್ತ್ರ ಬಿಡಬೇಡಿ, ಮುಖಕ್ಕೆ ಮಾತ್ರ ಸ್ವಲ್ಪ ಕಡಿಮೆ ಹಚ್ಚಿಸಿ ಅಜ್ಜಿ ಅಂದೆ. "ಅಷ್ಟೇ ತಾನೇ, ಕೆನ್ನೆಗೆ ಮುಟ್ಟಿಸಿ ಕೈಕಾಲಿಗೆ ಬಳೀತೀವಿ ಬಿಡವ್ವ" ಅಂದರು. ಆ ಬೆಳಿಗ್ಗೆ ಟ್ರಯಲ್‌ನಲ್ಲಿ ಬರೆದಿಟ್ಟ ಶೇಡೇ ಸರಿಯಾಗಿ ಕೂತಿತು.