ಇಪ್ಪತ್ತು ಮಾತ್ರೆಯಲ್ಲಿ ಐದನ್ನು ಬಿಟ್ಟುಕೊಟ್ಟ ಮೇಲೆ ಹಾಡಾಯಿತು

ನನ್ನ ‘ಬಾವಿ’ ಎಂಬ ಕವಿತೆ ಇಪ್ಪತ್ತೆಂಟು ಸಾಲಿನದು, ಸತ್ತುಹೋದ ತಾಯಿಯ ನೆನಪಿನದು. ಅದನ್ನು ಸುಗಮ ಸಂಗೀತಕ್ಕೆ ಅಳವಡಿಸಬೇಕೆಂದು ಹೊರಟಾಗ, ಹಿರಿಯ ಸಂಯೋಜಕರೊಬ್ಬರು ಹಾಳೆಯನ್ನು ಓದಿ, "ಇದು ಓದುವುದಕ್ಕೆ ಚೆನ್ನಾಗಿದೆ, ಹಾಡುವುದಕ್ಕೆ ಬೇರೆ ಬರೆಯಿರಿ" ಎಂದು ಹಿಂತಿರುಗಿಸಿದ್ದರು. ಬೇರೆ ಬರೆಯಲಿಲ್ಲ, ಅದೇ ಕವಿತೆಯನ್ನು ಈಗ ಮೂರು ಮಂದಿ ಗಾಯಕಿಯರು ಹಾಡುತ್ತಿದ್ದಾರೆ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಇಷ್ಟವಾದ ಎಂಟು ಸಾಲುಗಳನ್ನು ಉಳಿಸಿ ಉಳಿದ ಪದ್ಯಗಳನ್ನು ತೆಗೆದೆ, ಕೇಳುಗರಿಗೆ ಹಗುರವಾಗಿರಲೆಂದು ಎಂಟು ಮಾತ್ರೆಯ ಕೆಹರ್ವಾ ತಾಳದಲ್ಲಿ ಕೂರಿಸಿದೆ. ಮೂಲದ ಮೊದಲ ಸಾಲು ಹೀಗಿತ್ತು:

ಬಳೆಯ ದನಿ ಕೇಳಿಸಿತು ಬಾವಿಕಟ್ಟೆಯ ಬಳಿಗೆ

ಐದೈದು ಮಾತ್ರೆಯ ನಾಲ್ಕು ಗಣ. ಐದನ್ನು ಎಂಟಕ್ಕೆ ತುಂಬಿಸಬೇಕಾದರೆ ಮೂರು ಮಾತ್ರೆ ಎಳೆಯಲೇಬೇಕು, ಎಳೆತ ಬಿದ್ದದ್ದು ಗಣದ ಮೊದಲ ಅಕ್ಷರದ ಮೇಲೆ. ಧ್ವನಿಮುದ್ರಣ ಮುಗಿಸಿ ಮನೆಯಲ್ಲಿ ಕೇಳಿಸಿದಾಗ ನನ್ನ ಅತ್ತಿಗೆ, "ಬಾವಿಯ ಹತ್ತಿರ ಬಾಳೆಗಿಡ ಇತ್ತೇ?" ಎಂದು ಕೇಳಿದರು. ಬಳೆ ಬಾಳೆಯಾಗಿತ್ತು. ಕೊಳಲು, ತಬಲಾ, ಸ್ಟುಡಿಯೋ ಸೇರಿ ಸುಮಾರು ಹದಿನೆಂಟು ಸಾವಿರ ರೂಪಾಯಿ ಆ ಬಾಳೆಗಿಡಕ್ಕೆ ಗೊಬ್ಬರವಾಯಿತು.

ಆಮೇಲೆ ಹತ್ತು ಮಾತ್ರೆಯ ಝಪತಾಲಕ್ಕೆ ಬಂದೆ. ಇದು ಭಾರವಾಗುತ್ತದೆ ಎಂದು ತಬಲಾದವರು ಎಚ್ಚರಿಸಿದರು, ಅವರ ಮಾತು ಅರ್ಧ ನಿಜವಾಯಿತು. ಪದಗಳು ತಾಳಕ್ಕೆ ಸರಿಯಾಗಿ ಕೂತವು, ಆದರೆ ಗಾಯಕಿಗೆ ಉಸಿರು ತೆಗೆದುಕೊಳ್ಳಲು ಎಲ್ಲಿಯೂ ಜಾಗವಿರಲಿಲ್ಲ. ಓದುಗನ ಕಣ್ಣು ಸಾಲಿನ ಕೊನೆಯಲ್ಲಿ ತಾನೇ ನಿಲ್ಲುತ್ತದೆ. ಹಾಡಿನಲ್ಲಿ ಆ ನಿಲುಗಡೆಗೂ ಮಾತ್ರೆ ಬೇಕೆಂಬುದು ನನಗೆ ಹೊಳೆದದ್ದು ಆಗ. ಕತ್ತರಿಸಬೇಕಾಗಿದ್ದದ್ದು ಪದ್ಯಗಳನ್ನಷ್ಟೇ ಅಲ್ಲ, ಪ್ರತಿ ಸಾಲಿನ ನಾಲ್ಕನೆಯ ಗಣವನ್ನು. ಆಗ ಪಲ್ಲವಿ ಹೀಗಾಯಿತು:

ಬಳೆಯ ದನಿ ಬಾವಿಯಲಿ ಕೇಳಿತಮ್ಮಾ

ಮೂರು ಗಣ ತುಂಬಿವೆ. ನಾಲ್ಕನೆಯದರಲ್ಲಿ ‘ಮಾ’ ಒಂದೇ, ಉಳಿದದ್ದು ಎಳೆತ ಮತ್ತು ಉಸಿರು. ‘ಕಟ್ಟೆ’ ಹೋದದ್ದಕ್ಕೂ ಕಾರಣವಿದೆ. ತಾರಸ್ಥಾಯಿಯಲ್ಲಿ ‘ಟ್ಟ’ ಬಂದರೆ ದನಿ ಕಡಿದುಹೋಗುತ್ತದೆ, ‘ಮ್ಮ’ ಬಂದರೆ ಮೂಗಿನಲ್ಲಿ ಹರಿಯುತ್ತದೆ. ‘ಬಳಿಗೆ’ ಎಂಬ ಹ್ರಸ್ವಾಂತ್ಯದ ಮೇಲೆ ನಿಲ್ಲುವುದಕ್ಕಿಂತ ‘ಆ’ಕಾರದ ಮೇಲೆ ನಿಲ್ಲುವುದು ಯಾವ ಗಾಯಕಿಗೂ ಸುಲಭ. ತಾಯಿಯ ಕುರಿತು ಹೇಳುತ್ತಿದ್ದ ಕವಿತೆ ಈ ಒಂದು ಸಂಬೋಧನೆಯಿಂದ ತಾಯಿಗೇ ಹೇಳುವ ಹಾಡಾಯಿತು; ಅದನ್ನು ನಾನು ಯೋಜಿಸಿರಲಿಲ್ಲ, ಆದರೆ ಹೆಸರು ಮಾತ್ರ ನನಗೆ ಬಂತು.

ಸರಳಗೊಳಿಸುವಾಗ ಹೊಟ್ಟೆ ಉರಿದದ್ದು ಒಂದೇ ಕಡೆ. ‘ನಿಸ್ತಬ್ಧ ಜಲದರ್ಪಣದಿ ಬಿರಿದ ಬಿಂಬಗಳು’ ಎಂಬ ಸಾಲು ನನಗೆ ಬಹಳ ಪ್ರಿಯವಾಗಿತ್ತು. ಆದರೆ ಎರಡನೆಯ ಗಣ ‘ಜಲದರ್ಪ’ಕ್ಕೆ ಮುಗಿಯುತ್ತದೆ, ಗಾಯಕಿ ಅಲ್ಲಿ ಕ್ಷಣ ನಿಂತರೆ ನೀರಿಗೆ ದರ್ಪ ಬರುತ್ತದೆ. ಕೊನೆಗೆ ‘ನಿಂತ ನೀರಲಿ ನಿನ್ನ ಮುಖವ ಕಂಡೆ’ ಎಂದು ಮಾಡಿದೆ. ಇಲ್ಲಿಯೂ ಗಣ ‘ನಿಂತ ನೀ’ ಎಂಬಲ್ಲಿ ಒಡೆಯುತ್ತದೆಯಾದರೂ ದೀರ್ಘಸ್ವರದ ಮೇಲೆ ಜಾರಿಕೊಂಡು ಹೋಗಬಹುದು. ಒಡೆದು ಕೇಳಿಸಿದರೂ ಅರ್ಥ ಕೆಡುವುದಿಲ್ಲ. ಪ್ರತಿ ಸಾಲನ್ನೂ ಪಕ್ಕದ ಕೋಣೆಯಿಂದ ಹಾಡಿಸಿ, ಕವಿತೆ ಓದಿರದ ಒಬ್ಬರಿಂದ ಕೇಳಿಸಿದ್ದನ್ನು ಬರೆಸಿಕೊಳ್ಳುವುದು ಅಂದಿನಿಂದ ನನ್ನ ಪರೀಕ್ಷೆ.

ಪುನರಾವರ್ತನೆಯ ಬಗ್ಗೆ ಹಲವು ಪ್ರಯೋಗ ಮಾಡಿದೆ. ಇಡೀ ಪಲ್ಲವಿಯನ್ನು ಪ್ರತಿ ಚರಣದ ನಂತರ ಎರಡೆರಡು ಬಾರಿ ಹಾಡಿಸಿದರೆ ‘ಅಮ್ಮಾ’ ಸವೆದುಹೋಗುತ್ತದೆ. ‘ಬಳೆಯ ದನಿ’ ಎಂಬಷ್ಟನ್ನೇ ಎರಡು ಬಾರಿ ಹೇಳಿಸಿ, ಪೂರ್ಣ ಸಾಲನ್ನು ಒಮ್ಮೆ ಮಾತ್ರ ಬಿಡಿಸಿದಾಗ ಸರಿಹೋಯಿತು. ಅದಕ್ಕೆ ಚರಣದ ಕೊನೆಯ ಸಾಲು ಪಲ್ಲವಿಗೆ ಕೊಂಡಿಯಾಗಬೇಕು: ‘ಹಗ್ಗ ಹರಿದರು ರಾಟೆ ತಿರುಗುತಿತ್ತು’, ಆಮೇಲೆ ‘ಬಳೆಯ ದನಿ, ಬಳೆಯ ದನಿ’. ಎರಡನೆಯ ಚರಣದಲ್ಲಿ ತಾಳ ಬದಲಾಗದೆ ನಡೆ ಬದಲಾದಂತೆ ಕೇಳಿಸುವುದು ಹೇಗೆಂದು ಹಲವರು ಕೇಳಿದ್ದಾರೆ. ಅದನ್ನು ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಪಲ್ಲವಿ ಸೇರಿ ಒಂಬತ್ತು ಸಾಲು ಉಳಿದವು. ಬಾವಿ ಮುಚ್ಚಿಸಿದ ಪದ್ಯ ಪುಸ್ತಕದಲ್ಲಷ್ಟೇ ಇದೆ. ಎರಡನೆಯ ಧ್ವನಿಮುದ್ರಣ ಹನ್ನೊಂದು ಸಾವಿರದೊಳಗೆ ಮುಗಿಯಿತು, ಏಕೆಂದರೆ ಸ್ಟುಡಿಯೋದಲ್ಲಿ ಸಾಲು ತಿದ್ದುವ ಪ್ರಮೇಯ ಬರಲಿಲ್ಲ.

ಒಂದು ದೋಷ ಮಾತ್ರ ಉಳಿದಿದೆ. ‘ಹರಿದರು’ ಎಂಬುದು ‘ಹರಿದರೂ’ ಆಗಬೇಕು, ಇಲ್ಲವಾದರೆ ಹಗ್ಗವನ್ನು ಯಾರೋ ಹರಿದಂತಾಗುತ್ತದೆ. ದೀರ್ಘ ಮಾಡಿದರೆ ಒಂದು ಮಾತ್ರೆ ಹೆಚ್ಚುತ್ತದೆ. ಗಾಯಕಿಯರಲ್ಲಿ ಒಬ್ಬರು ‘ರೂ’ ಎಳೆದು ‘ರಾಟೆ’ಯನ್ನು ‘ರಟೆ’ ಮಾಡುತ್ತಾರೆ, ಇನ್ನಿಬ್ಬರು ನಾನು ಬರೆದಂತೆಯೇ ಹಾಡುತ್ತಾರೆ.