ಐಸ್ ಪ್ಲಾಂಟಿನಲ್ಲಿ ಎಂಬತ್ತು ಸಾವಿರ ಅಡ್ವಾನ್ಸ್: ನನ್ನ ಅನುಭವ

ಕಾರವಾರದ ಬೈತಖೋಲ ಬಂದರಿನ ಹತ್ತಿರದ ನಮ್ಮ ಐಸ್ ಪ್ಲಾಂಟಿನಲ್ಲಿ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಅಡ್ವಾನ್ಸ್ ಯಾರಿಗೂ ಸಿಕ್ಕಿದ್ದಿಲ್ಲ. ಎಂಬತ್ತು ಸಾವಿರಕ್ಕೆ ಅರ್ಜಿ ಬರೆಯುತ್ತೇನೆ ಅಂದಾಗ ಲೋಡಿಂಗಿನವರು ನಕ್ಕರು. "ಶೇಟ್ರಿಗೆ ಕಾಗದ ಕೊಟ್ಟರೆ ಕೋರ್ಟಿಗೆ ಹೋದ ಹಾಗೆ ಆಗ್ತದೆ ಮಾರಾಯ, ಬಂಗಡೆ ಬಿದ್ದ ದಿನ ಗೇಟಿನ ಹತ್ರ ನಿಂತು ಬಾಯಲ್ಲಿ ಕೇಳು" ಅಂದರು. ದುಡ್ಡು ಸಿಕ್ಕಿತು, ಡಿಸೆಂಬರಿಗೆ ತೀರಿಯೂ ಆಯಿತು. ಈಗ ಅವರೇ ಬಂದು ಆ ಕಾಗದದ ಜೆರಾಕ್ಸ್ ಕೇಳುತ್ತಾರೆ. ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ಗೇಟಿನಲ್ಲಿ ಕೇಳುವ ದಾರಿಯನ್ನು ನಾನು ನೋಡದವನಲ್ಲ. ಶೇಟ್ರು ಒಳ್ಳೆಯ ಮನಸ್ಸಿನಲ್ಲಿದ್ದರೆ ಜೇಬಿನಿಂದ ಐದು ಸಾವಿರ ತೆಗೆದು ಕೊಡುತ್ತಾರೆ. ಪುಸ್ತಕದಲ್ಲಿ ಅದು ಹೇಗೆ ಬರೆದಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಮುಂದಿನ ಸಂಬಳದಲ್ಲಿ ಪೂರ್ತಿ ಹಿಡಿದುಕೊಂಡಿರುತ್ತಾರೆ. ಆ ತಿಂಗಳು ಮನೆ ನಡೆಸಲು ಮತ್ತೆ ಕೇಳಬೇಕು. ನಮ್ಮ ಒಬ್ಬ ಡ್ರೈವರ್ ಹೀಗೆಯೇ ವರ್ಷಪೂರ್ತಿ ಐದೇ ಸಾವಿರವನ್ನು ತಿರುಗಿಸುತ್ತಿದ್ದ. ಸಣ್ಣ ಖರ್ಚಿಗಾದರೆ ಸರಿ, ಆಪರೇಷನ್ನಿಗೆ ಇದು ನಡೆಯುವುದಿಲ್ಲ.

ನನ್ನ ಕೇಸು ಇದು. ಫೆಬ್ರವರಿ ಕೊನೆಯಲ್ಲಿ ಆಯಿ ಬಚ್ಚಲಲ್ಲಿ ಜಾರಿ ಬಿದ್ದಳು, ತೊಡೆಯ ಮೂಳೆಯ ಕುತ್ತಿಗೆ ಮುರಿಯಿತು. ಈ ವಯಸ್ಸಿನಲ್ಲಿ ಹೆಚ್ಚು ದಿನ ಮಲಗಿಸಿಟ್ಟರೆ ಕಫ, ಬೆನ್ನಿನ ಹುಣ್ಣು ಅಂತ ಬೇರೆಯದೇ ಶುರುವಾಗುತ್ತದೆ, ಆದಷ್ಟು ಬೇಗ ಆಪರೇಷನ್ ಆಗಬೇಕು ಅಂದರು ಡಾಕ್ಟರು. ಮಣಿಪಾಲದಲ್ಲಿ ಭಾವನ ಮನೆ ಇದೆ, ಹಾಗಾಗಿ ಅಲ್ಲಿಗೇ ಹೊರಟೆವು. ಆಂಬುಲೆನ್ಸಿಗೇ ಹನ್ನೊಂದೋ ಹನ್ನೆರಡೋ ಸಾವಿರ ಹೋಯಿತು. ಆಸ್ಪತ್ರೆಯ ಅಂದಾಜು ಪಟ್ಟಿ ಒಂದು ಲಕ್ಷ ಎಪ್ಪತ್ತು ಸಾವಿರ. ನಮ್ಮದು ಎಪಿಎಲ್ ಕಾರ್ಡು, ಅದಕ್ಕೆ ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಸಿಗುವುದು ಪ್ಯಾಕೇಜ್ ದರದ ಶೇ. 30 ಮಾತ್ರ. ಅದು, ಉಳಿತಾಯ, ಹೆಂಡತಿಯ ಬಳೆ ಇಟ್ಟು ಸೊಸೈಟಿಯಲ್ಲಿ ತೆಗೆದ ಸಾಲ ಎಲ್ಲ ಸೇರಿಸಿದರೂ ಎಂಬತ್ತು ಸಾವಿರ ಕಡಿಮೆ ಬಿತ್ತು.

ನನ್ನ ಸಂಬಳ ಇಪ್ಪತ್ತೇಳು ಸಾವಿರ. ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200 ಹೋಗಿ ಕೈಗೆ ಇಪ್ಪತ್ತೈದು. ಅಂದರೆ ಕೇಳುತ್ತಿದ್ದದ್ದು ಮೂರು ತಿಂಗಳಿಗೂ ಮಿಕ್ಕಿದ ದುಡ್ಡು.

ಮೊದಲು ಬರೆದ ಕಾಗದ ಎಲ್ಲರೂ ಬರೆಯುವಂಥದ್ದೇ: ತಿಂಗಳಿಗೆ ಎಂಟು ಸಾವಿರದಂತೆ ಹತ್ತು ಕಂತು. ಮ್ಯಾನೇಜರ್ ಓದಿ ವಾಪಸ್ ಕೊಟ್ಟರು. "ಮೂರು ತಿಂಗಳು ಹೋದರೆ ಬೋಟ್ ಬಂದ್. ಆಗ ಸಂಬಳಕ್ಕೇ ದುಡ್ಡು ಹೊಂದಿಸಬೇಕು. ಈಗ ಎಂಬತ್ತು ಕೊಟ್ಟರೆ ಆಗ ಎಲ್ಲಿಂದ ತರೋದು?" ಮೀಟರ್ ಬಡ್ಡಿಯವನ ನಂಬರನ್ನೂ ಅವತ್ತೇ ಒಬ್ಬರು ಕೈಗೆ ಕೊಟ್ಟಿದ್ದರು.

ಆದರೆ ಮ್ಯಾನೇಜರ್ ಇಲ್ಲ ಅನ್ನುವ ಭರದಲ್ಲಿ ಕೀಲಿಕೈಯನ್ನೇ ಕೊಟ್ಟಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಟ್ರಾಲರ್, ಪರ್ಸೀನ್ ಯಾವುದೂ ಇಳಿಯುವುದಿಲ್ಲ, ಐಸ್ ಕೇಳುವವರಿಲ್ಲ. ಹೆಸ್ಕಾಂ ಬಿಲ್ಲಿನ ನಿಗದಿ ಶುಲ್ಕ ಮಾತ್ರ ತಪ್ಪುವುದಿಲ್ಲ, ಸಂಬಳವೂ ತಪ್ಪುವುದಿಲ್ಲ. ಶೇಟ್ರಿಗೆ ಫೆಬ್ರವರಿಯಲ್ಲಿ ಎಂಬತ್ತು ಸಾವಿರ ದೊಡ್ಡದಲ್ಲ, ಜೂನಿನಲ್ಲಿ ಹತ್ತು ಸಾವಿರವೂ ದೊಡ್ಡದು. ಹಾಗಾದರೆ ನನ್ನ ದೊಡ್ಡ ಕಂತು ಜೂನ್, ಜುಲೈಗೇ ಬರಲಿ. ಕಂತು ಅಂದರೆ ನಾನು ಹೋಗಿ ದುಡ್ಡು ಕಟ್ಟುವುದಲ್ಲವಲ್ಲ. ಅವರು ನನಗೆ ಕೊಡಬೇಕಾದ ಸಂಬಳದಲ್ಲಿ ಅಷ್ಟು ಕಡಿಮೆ ಕೊಡುವುದು. ಬಂದ್ ತಿಂಗಳಲ್ಲಿ ಅವರು ಹೊಂದಿಸಬೇಕಾದ ದುಡ್ಡೇ ಅಷ್ಟು ಇಳಿಯುತ್ತದೆ.

ಆ ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಕಂತಿನ ಪಟ್ಟಿ ಮತ್ತೆ ಬರೆದೆ. ಮಾರ್ಚ್ ಸಂಬಳದಿಂದಲೇ ಶುರು, ಆದರೆ ನಾಲ್ಕೇ ಸಾವಿರ. ಏಪ್ರಿಲ್, ಮೇ ಏಳೇಳು. ಜೂನ್, ಜುಲೈ ಹನ್ನೊಂದು ಹನ್ನೊಂದು. ಆಗಸ್ಟಿಗೆ ಏಳು, ಚೌತಿಯ ಖರ್ಚಿಗಾಗಿ ಸೆಪ್ಟೆಂಬರಿಗೆ ಮೂರು, ಅಕ್ಟೋಬರ್, ನವೆಂಬರ್ ಏಳೇಳು, ಡಿಸೆಂಬರ್, ಜನವರಿ ಎಂಟೆಂಟು. ಒಟ್ಟು ಎಂಬತ್ತು. ಜುಲೈ ಮುಗಿಯುವಾಗ ಸರಿಯಾಗಿ ಅರ್ಧ ತೀರಿರುತ್ತದೆ, ಇದನ್ನು ಕಾಗದದಲ್ಲಿ ಬೇರೆ ಸಾಲಾಗಿ ಬರೆದೆ. ಮೊದಲ ತಿಂಗಳೇ ಶುರು ಮಾಡಿದ್ದು ಬೇಕಂತಲೇ. "ಎರಡು ತಿಂಗಳು ಬಿಟ್ಟು ಕಟ್ಟುತ್ತೇನೆ" ಅಂದ ಕೂಡಲೇ ಕೊಡುವವನ ಮುಖ ಬದಲಾಗುತ್ತದೆ.

ಹನ್ನೊಂದೇ ಯಾಕೆ, ಹನ್ನೆರಡು ಯಾಕಲ್ಲ ಅಂದರೆ ಅದಕ್ಕೆ ಕಾರಣ ಇದೆ. ವೇತನ ಸಂಹಿತೆ 2019ರ ಪ್ರಕಾರ ಒಂದು ತಿಂಗಳ ಸಂಬಳದಿಂದ ಒಟ್ಟು ಕಡಿತ ಅರ್ಧ ದಾಟುವಂತಿಲ್ಲ. ನನ್ನ ಅರ್ಧ ಹದಿಮೂರೂವರೆ ಸಾವಿರ. ಪಿಎಫ್, ಟ್ಯಾಕ್ಸ್ ಎರಡು ಸಾವಿರ ಆಗಲೇ ಹೋಗುತ್ತದೆ, ಉಳಿಯುವುದು ಹನ್ನೊಂದೂವರೆ. ಹನ್ನೆರಡು ಅಂತ ಬರೆದಿದ್ದರೆ ಅಕೌಂಟ್ಸಿನವರು ಅಲ್ಲೇ ಕೆಂಪು ಗೆರೆ ಎಳೆಯುತ್ತಿದ್ದರು, ಕಾಗದ ಶೇಟ್ರ ಟೇಬಲ್ಲಿಗೇ ಹೋಗುತ್ತಿರಲಿಲ್ಲ. ನೀವು ಪಟ್ಟಿ ಮಾಡುವಾಗ ಕೈಗೆ ಬರುವ ಸಂಬಳದ ಅರ್ಧ ಹಿಡಿಯಬೇಡಿ, ಪೇ ಸ್ಲಿಪ್ಪಿನಲ್ಲಿ ಕಡಿತಕ್ಕೆ ಮೊದಲಿನ ಮೊತ್ತದ ಅರ್ಧ ತೆಗೆದು ಅದರಲ್ಲಿ ಈಗಿನ ಕಡಿತ ಕಳೆಯಿರಿ. ನಿಮ್ಮ ಸಂಬಳದಲ್ಲಿ ಭತ್ಯೆಗಳೇ ಜಾಸ್ತಿ ಇದ್ದರೆ ಅಕೌಂಟ್ಸಿನವರನ್ನೇ ಕೇಳಿ, ಲೆಕ್ಕ ಸ್ವಲ್ಪ ಬೇರೆ ಬರುತ್ತದೆ.

ಜೂನಿನಲ್ಲಿ ಹದಿನಾಲ್ಕೇ ಸಾವಿರ ಕೈಗೆ ಬಂದರೆ ಮಕ್ಕಳ ಶಾಲೆ, ಮನೆ? ಹೆಂಡತಿ ಕೇಳಿದ್ದೂ ಅದನ್ನೇ. ಅದಕ್ಕೆ ಪಿಎಫ್ ಇಟ್ಟುಕೊಂಡೆ. ನಮ್ಮಲ್ಲಿ ಪಿಎಫ್ ಶುರುವಾಗಿದ್ದೇ ಇತ್ತೀಚೆಗೆ, ನನ್ನ ಪಾಲು ನಲವತ್ತೈದು ಸಾವಿರದ ಆಸುಪಾಸು ಇತ್ತು. ಚಿಕಿತ್ಸೆಯ ಕಾರಣಕ್ಕೆ ಆನ್‌ಲೈನಿನಲ್ಲಿ ಫಾರ್ಮ್ 31 ಹಾಕಿದೆ. ಒಮ್ಮೆ ರಿಜೆಕ್ಟ್ ಆಯಿತು: ಆಧಾರಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಪೂರ್ತಿ ಇದೆ, ಪಿಎಫ್‌ನಲ್ಲಿ ಬರೀ ಇನಿಶಿಯಲ್. ತಿದ್ದಿಸಿ ಮತ್ತೆ ಹಾಕಿ ದುಡ್ಡು ಬರುವಾಗ ಆಯಿ ವಾಕರ್ ಹಿಡಿದು ಅಂಗಳಕ್ಕೆ ಬಂದಿದ್ದಳು. ಆಸ್ಪತ್ರೆಯ ಕೌಂಟರಿಗೆ ಪಿಎಫ್ ನಂಬಿ ಹೋಗಬಾರದು, ಆದರೆ ಬಂದ್ ತಿಂಗಳನ್ನು ದಾಟಿಸಲು ಅದು ಸಾಕಾಯಿತು. ಇಂಥದೊಂದು ಇಡುಗಂಟು ಇಲ್ಲದವರು ಜೂನ್ ಕಂತು ಹನ್ನೊಂದು ಬರೆಯಬೇಡಿ, ಎರಡನೇ ತಿಂಗಳಿಗೇ ತಪ್ಪುತ್ತದೆ. ಒಂದು ಕಂತು ತಪ್ಪಿದರೆ ಆ ಪಟ್ಟಿಗೆ ಮತ್ತೆ ಬೆಲೆ ಇಲ್ಲ.

ಬೋನಸ್ಸನ್ನು ಮಾತ್ರ ಪಟ್ಟಿಗೆ ಸೇರಿಸಲಿಲ್ಲ. ನಮ್ಮಲ್ಲಿ ಬೋನಸ್ ಶೇಟ್ರ ಮರ್ಜಿ. ಅವರು ಇನ್ನೂ ಕೊಡದ ದುಡ್ಡಿನಿಂದ ಅವರದೇ ಸಾಲ ತೀರಿಸುತ್ತೇನೆ ಅಂತ ಬರೆದರೆ ಅದು ಬೋನಸ್ ಕೇಳಿದ ಹಾಗೆಯೇ.

ಕಾಗದ ಒಂದೇ ಪುಟ. ಮೇಲೆ ವಿಷಯ: "ತಾಯಿಯ ತುರ್ತು ಶಸ್ತ್ರಚಿಕಿತ್ಸೆಗಾಗಿ ₹80,000 ಬಡ್ಡಿರಹಿತ ಸಂಬಳ ಮುಂಗಡ ಕೋರಿ." ಮೊತ್ತ ವಿಷಯದಲ್ಲೇ ಇರಲಿ, ಹುಡುಕಿಸಬೇಡಿ. ಕಷ್ಟದ ಕಥೆ ಎರಡೇ ಸಾಲು, ಅಂದಾಜು ಪಟ್ಟಿ ಹಿಂದೆ ಪಿನ್ ಮಾಡಿದ್ದೇನಲ್ಲ. ಆಮೇಲೆ ಕಂತಿನ ಪಟ್ಟಿ. ಅದರ ಕೆಳಗೆ ನಾನು ಬರೆದದ್ದು ಹೀಗೆ:

"ಮುಂಗಡದಲ್ಲಿ ₹50,000ವನ್ನು ಆಪರೇಷನ್ನಿಗೆ ಮೊದಲು, ಉಳಿದ ₹30,000ವನ್ನು ಡಿಸ್ಚಾರ್ಜ್ ದಿನ, ನೇರವಾಗಿ ಆಸ್ಪತ್ರೆಯ ಖಾತೆಗೆ ಜಮಾ ಮಾಡಬೇಕಾಗಿ ವಿನಂತಿ. ಬಿಲ್ ಕಡಿಮೆಯಾದಲ್ಲಿ ಅಷ್ಟು ಮೊತ್ತವನ್ನು ಪಡೆಯುವುದಿಲ್ಲ, ಕೊನೆಯ ಕಂತುಗಳು ಅದರಂತೆ ಕಡಿಮೆಯಾಗುವವು. ನಾನು ಕೆಲಸ ಬಿಟ್ಟಲ್ಲಿ ಬಾಕಿಯನ್ನು ನನ್ನ ಅಂತಿಮ ಲೆಕ್ಕದ ಸಂಬಳ ಮತ್ತು ರಜೆ ಹಣದಲ್ಲಿ ಹೊಂದಿಸಿಕೊಂಡು, ಉಳಿದದ್ದನ್ನು ನಾನು ಕಟ್ಟುತ್ತೇನೆ."

ನೇರ ಆಸ್ಪತ್ರೆಗೆ ಅಂದದ್ದು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು ಅಂತ ನನ್ನ ಲೆಕ್ಕ. ಶೇಟ್ರಿಗೆ ಆಪರೇಷನ್ ನಿಜವೋ ಅಲ್ಲವೋ ಅನ್ನುವ ಪ್ರಶ್ನೆಯೇ ಉಳಿಯಲಿಲ್ಲ. ಎರಡು ಭಾಗ ಮಾಡಿದ್ದೂ ಫಲ ಕೊಟ್ಟಿತು. ಕೊನೆಯ ಬಿಲ್ ಒಂದು ಲಕ್ಷ ಅರವತ್ತು ಸಾವಿರಕ್ಕೆ ಬಂದು ನಿಂತಿತು, ಹಾಗಾಗಿ ಎರಡನೇ ಸಲ ಇಪ್ಪತ್ತೇ ಸಾವಿರ ತೆಗೆದುಕೊಂಡೆ. ಪಟ್ಟಿಯ ಬಾಲ ಕತ್ತರಿಸಿತು: ಜನವರಿ ಕಂತು ಹೋಯಿತು, ಡಿಸೆಂಬರಿನದು ಆರಕ್ಕೆ ಇಳಿಯಿತು. ಇದರ ಬದಲು ಎಲ್ಲ ಕಂತನ್ನೂ ಸ್ವಲ್ಪ ಸ್ವಲ್ಪ ಇಳಿಸೋಣವೇ ಅಂತ ಅಕೌಂಟ್ಸಿನವರು ಕೇಳಿದರು, ಬೇಡ ಅಂದೆ. ಜೂನ್, ಜುಲೈ ಮುಟ್ಟಿದರೆ ನಾನು ಕೊಟ್ಟ ಮಾತಿನ ಬುಡವೇ ಅಲುಗುತ್ತಿತ್ತು.

ಸಹಿಗೆ ಮೊದಲು ಮ್ಯಾನೇಜರ್ ಒಂದು ಖಾಲಿ ಚೆಕ್ ಕೇಳಿದರು. ಕೊಡಲಿಲ್ಲ. ಸಂಬಳವೇ ಅವರ ಕೈಯಲ್ಲಿರುವಾಗ ಸಹಿ ಹಾಕಿದ ಖಾಲಿ ಚೆಕ್ ಯಾಕೆ? ಅದರಲ್ಲಿ ನಾಳೆ ಯಾರು ಯಾವ ಮೊತ್ತ ತುಂಬಿದರೂ ಬೌನ್ಸ್ ಕೇಸು ನನ್ನ ಮೇಲೆ. ಬದಲಿಗೆ "ಪ್ರತಿ ತಿಂಗಳು ಈ ಪಟ್ಟಿಯಂತೆ ಸಂಬಳದಿಂದ ಕಡಿತಕ್ಕೆ ನನ್ನ ಒಪ್ಪಿಗೆ ಇದೆ" ಅಂತ ಬೇರೆ ಚೀಟಿಗೆ ಸಹಿ ಹಾಕಿದೆ, ಅವರಿಗೂ ಸಾಕಾಯಿತು. ನನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ, ಪ್ರತಿ ತಿಂಗಳ ಪೇ ಸ್ಲಿಪ್ಪಿನಲ್ಲಿ ಬಾಕಿ ಎಷ್ಟು ಅಂತ ಬರೆಸಿಕೊಂಡೆ. ಮೇ ತಿಂಗಳಲ್ಲಿ ಏಳರ ಬದಲು ಎಂಟು ಹಿಡಿದಿದ್ದು ಸಿಕ್ಕಿದ್ದು ಅದರಿಂದಲೇ.

ಕಾಗದ ಮೊದಲು ಯಾರ ಕೈಗೆ ಕೊಟ್ಟೆ, ಎಷ್ಟು ಹೊತ್ತಿಗೆ ಕೊಟ್ಟೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಪ್ಲಾಂಟಿನಲ್ಲಿ ನಾನು ಇನ್ನೂ ಕೆಲಸ ಮಾಡಬೇಕು. ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಸಣ್ಣ ಕಾಲಂ ಹಾಕಿದ್ದೆ, ಅದೂ ನನ್ನ ಹತ್ತಿರವೇ ಇರಲಿ.

ಆಮೇಲೆ ಮೀನು ಪ್ಯಾಕಿಂಗಿನ ಒಬ್ಬ ಅಕ್ಕನಿಗೆ ಇದೇ ಪಟ್ಟಿ ಹಾಕಿಕೊಟ್ಟೆ, ಗಂಡನ ಕಿಡ್ನಿ ಕಲ್ಲಿನ ಆಪರೇಷನ್ನಿಗೆ ಇಪ್ಪತ್ತೈದು ಸಾವಿರ. ನಡೆಯಲಿಲ್ಲ. ಅವಳು ಗುತ್ತಿಗೆದಾರನ ಲೆಕ್ಕದವಳು, ಬಂದ್ ತಿಂಗಳಲ್ಲಿ ಅವಳಿಗೆ ಕೆಲಸವೇ ಇಲ್ಲ, ಹಿಡಿಯಲು ಸಂಬಳವೇ ಇಲ್ಲ. ಅವಳ ಪಟ್ಟಿ ಪೂರಾ ತಿರುಗಿಸಿದೆವು: ಜೂನ್, ಜುಲೈ ಸೊನ್ನೆ, ಆಗಸ್ಟ್‌ನಿಂದ ವಾರದ ಬಟವಾಡೆಯಲ್ಲಿ ಸಾವಿರದಂತೆ, ಅರ್ಜಿ ಗುತ್ತಿಗೆದಾರನ ಹೆಸರಿಗೆ. ಹದಿನೈದು ಸಾವಿರಕ್ಕೆ ಒಪ್ಪಿದ.