ಸಣ್ಣ ಕಾರ್ಖಾನೆಗೆ ಸೇವೆ ಕೊಡಬೇಕಾ? ಮೊದಲು ಡಿಸಿ ಬುಕ್, ಅಂದರೆ ಮಾಲಿನ ಜೊತೆ ಹೋಗೋ ಡೆಲಿವರಿ ಚಲನ್ ಪುಸ್ತಕ ನೋಡಿ

ಪೀಣ್ಯದಂಥ ಕಡೆ ಮಾಲೀಕರನ್ನು "ಯಾವ ಸಾಫ್ಟ್‌ವೇರ್ ಬೇಕು ಸರ್?" ಅಂತ ಕೇಳಬೇಡಿ. ಸಂಜೆ ಮಾಲು ಕಳಿಸೋ ಹೊತ್ತಿಗೆ ಇನ್‌ಸ್ಪೆಕ್ಷನ್ ಟೇಬಲ್ ಪಕ್ಕ ಅರ್ಧ ಗಂಟೆ ನಿಲ್ಲಿ. "ಪ್ಲೇಟಿಂಗ್‌ಗೆ ಹೋದದ್ದು ಬಂತಾ?" ಅನ್ನೋ ಮಾತು ಎಷ್ಟು ಸಲ ಬರುತ್ತೆ, ಎಣಿಸಿ.

ನಾನು ನೋಡಿದ ಒಂದು ಶೆಡ್‌ನಲ್ಲಿ 500 ಪಿನ್ ಹೊರಗಡೆ ಪ್ಲೇಟಿಂಗ್‌ಗೆ ಹೋಗಿತ್ತು. ಮೊದಲು 300 ಬಂತು, ಆಮೇಲೆ 180. ಉಳಿದ 20ರ ಲೆಕ್ಕ ಸೂಪರ್‌ವೈಸರ್ ತಲೆಯಲ್ಲಿ ಮಾತ್ರ. ಅವರು ರಜೆ ಹಾಕಿದರೆ ಮುಗಿಯಿತು!

ಇಲ್ಲೇ ನಿಮ್ಮ ಕೆಲಸ ಇದೆ. ದಿನವೂ ಕಾರ್ಖಾನೆಯವರು ಡಿಸಿ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಲಿ. ನೀವು ಶೀಟ್‌ಗೆ ಹಾಕಿ, ಶನಿವಾರ ಬಾಕಿ ಪಟ್ಟಿ ಒಂದೇ ಹಾಳೆಯಲ್ಲಿ ಕೊಡಿ. ಹೊಸ ಆ್ಯಪ್ ಬೇಡ, ಯಾರೂ ತೆರೆಯಲ್ಲ. ಜಿಎಸ್‌ಟಿಯಲ್ಲಿ ಜಾಬ್‌ವರ್ಕ್‌ಗೆ, ಅಂದರೆ ಹೊರಗಡೆ ಕೆಲಸ ಮಾಡಿಸೋಕೆ ಕಳಿಸಿದ ಮಾಲು 1 ವರ್ಷದೊಳಗೆ ವಾಪಸ್ ಬರದಿದ್ದರೆ, ಸಾಮಾನ್ಯವಾಗಿ ಅದು ಮಾರಾಟದ ಲೆಕ್ಕಕ್ಕೆ ಸೇರುತ್ತೆ. ಹಾಗಾಗಿ ಹಳೆಯ ಬಾಕಿ ಪಟ್ಟಿಯ ಮೇಲ್ಗಡೆ ಇರಲಿ.

ಎಡವೋದು ಒಂದೇ ಕಡೆ. ವಾಪಸ್ ಬಂದ ಡಿಸಿಯಲ್ಲಿ ಮೂಲ ಡಿಸಿ ನಂಬರ್ ಇರಲ್ಲ, ಲೆಕ್ಕ ತಾಳೆಯಾಗಲ್ಲ. ಮೊದಲ ವಾರ ಬೇರೇನೂ ಮಾಡಬೇಡಿ, ಆ ನಂಬರ್ ಬರೆಯೋದನ್ನಷ್ಟೇ ರೂಢಿ ಮಾಡಿಸಿ.